ಎಂಟನೆಯ ತರಗತಿಯ ಪ್ರಬಂಧ: ಗೆಳೆಯರ ಕರಡು ಓದಿದ ಮಕ್ಕಳು ‘ಚೆನ್ನಾಗಿದೆ’ ಎಂದಷ್ಟೇ ಬರೆಯುತ್ತಾರೆ, ಏನು ಮಾಡಬೇಕು?

ಹಾಸನದ ಕನ್ನಡ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಪ್ರಥಮ ಭಾಷೆ ಕನ್ನಡವನ್ನು ಬೋಧಿಸುತ್ತಿದ್ದೇನೆ. ತರಗತಿಯಲ್ಲಿ 43 ಮಕ್ಕಳಿದ್ದಾರೆ. ಹಲಗೆಯ ಮೇಲೆ ಬರೆದುಕೊಟ್ಟಿದ್ದನ್ನು ಪುಸ್ತಕಕ್ಕೆ ಇಳಿಸಿಕೊಂಡು ಬಾಯಿಪಾಠ ಮಾಡುವುದೇ ಪ್ರಬಂಧ ಎಂದು ಇವರಲ್ಲಿ ಬಹುತೇಕರು ಇಲ್ಲಿಯವರೆಗೆ ತಿಳಿದಿದ್ದಾರೆ. ಅದನ್ನು ಬದಲಿಸಬೇಕೆಂದು ಈ ವರ್ಷ ಕರಡು ಬರೆಸಿ, ಪಕ್ಕದವರಿಂದ ಓದಿಸಿ, ಅವರ ಸಲಹೆಯಂತೆ ಮತ್ತೆ ಬರೆಸುವ ಕ್ರಮವನ್ನು ಆರಂಭಿಸಿದ್ದೇನೆ.

ತೊಂದರೆ ಏನೆಂದರೆ, ಪುಸ್ತಕ ಅದಲುಬದಲು ಮಾಡಿಕೊಂಡ ಮಕ್ಕಳು ಅಂಚಿನಲ್ಲಿ ‘ಚೆನ್ನಾಗಿದೆ’, ‘ಅಕ್ಷರ ದುಂಡಗಿದೆ’ ಎಂದು ಬರೆದು ಹಿಂದಿರುಗಿಸುತ್ತಾರೆ. ಉಳಿದವರು ಕೆಂಪು ಪೆನ್ನು ಕೇಳಿ ಪಡೆದು ಕಾಗುಣಿತ ತಿದ್ದಲು ಕೂರುತ್ತಾರೆ. ನಮ್ಮ ಕಡೆ ಮಾತಿನಲ್ಲಿ ಹಕಾರ ಬಿದ್ದುಹೋಗುವುದರಿಂದ ತಿದ್ದುವವರಿಗೇ ಅನುಮಾನವಿರುತ್ತದೆ. ಸರಿಯಾಗಿ ಬರೆದಿದ್ದ ‘ಆಸೆ’ ಎಂಬ ಪದವನ್ನು ಒಬ್ಬ ಹುಡುಗ ‘ಹಾಸೆ’ ಎಂದು ತಿದ್ದಿಕೊಟ್ಟಿದ್ದಾನೆ. ಎರಡನೆಯ ಕರಡನ್ನು ತೆರೆದು ನೋಡಿದರೆ ಅದು ಮೊದಲಿನದರ ಶುದ್ಧಪ್ರತಿಯೇ ಆಗಿರುತ್ತದೆ: ಅದೇ ವಾಕ್ಯಗಳು, ಅದೇ ಕ್ರಮ, ಅಕ್ಷರ ಮಾತ್ರ ಅಂದ. ಮಕ್ಕಳು ಒಬ್ಬರ ಬರಹವನ್ನು ಇನ್ನೊಬ್ಬರು ನಿಜವಾಗಿ ಓದುವಂತೆ, ಓದಿದ್ದರಿಂದ ಬರಹ ಬದಲಾಗುವಂತೆ ಮಾಡುವುದು ಹೇಗೆ? ಈ ಕೆಲಸ ಮಾಡಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ನಿವೃತ್ತ ಶಿಕ್ಷಕ, ಚಿತ್ರದುರ್ಗ

ಮೇಡಂ, ನಿಮ್ಮ ಮಕ್ಕಳು ಮಾಡುತ್ತಿರುವುದು ಸಹಜವಾದದ್ದು. ಪುಸ್ತಕ ಕೈಗೆ ಬಂದೊಡನೆ ಕಣ್ಣಿಗೆ ಬೀಳುವುದು ಅಕ್ಷರ. ಏಳು ವರ್ಷ ಅವರು ಕಂಡಿರುವ ತಿದ್ದುವಿಕೆಯೂ ಅಕ್ಷರದ ತಿದ್ದುವಿಕೆಯೇ. ಆದ್ದರಿಂದ ಮೊದಲ ಸುತ್ತಿನಲ್ಲಿ ಪುಸ್ತಕವನ್ನು ಕೈಗೆ ಕೊಡಲೇಬೇಡಿ. ಬರೆದವರು ತಮ್ಮ ಕರಡನ್ನು ತಾವೇ ಗಟ್ಟಿಯಾಗಿ ಓದಲಿ, ಜೊತೆಗಾರರು ಬರಿಗೈಯಲ್ಲಿ ಕೂತು ಕೇಳಲಿ. ಕೇಳುವವರಿಗೆ ಒತ್ತಕ್ಷರ ಕಾಣುವುದಿಲ್ಲ, ದೀರ್ಘ ತಪ್ಪಿರುವುದು ಕಾಣುವುದಿಲ್ಲ. ವಿಷಯವೊಂದೇ ಕಿವಿಗೆ ಬೀಳುತ್ತದೆ.

ಕೇಳಿದವರು ಮಾಡಬೇಕಾದ ಕೆಲಸ ಎರಡೇ. ಮೊದಲನೆಯದು, ತಾವು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಎರಡು ವಾಕ್ಯಗಳಲ್ಲಿ ತಿರುಗಿ ಹೇಳುವುದು. ಎರಡನೆಯದು, ಇನ್ನೂ ತಿಳಿಯಬೇಕೆನಿಸಿದ ಒಂದೇ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಡುವುದು. ಹೊಗಳುವುದು, ತಪ್ಪು ಹುಡುಕುವುದು, ಸಲಹೆ ಕೊಡುವುದು ಇವು ಯಾವುವೂ ಈ ಸುತ್ತಿನಲ್ಲಿ ಇರಬಾರದು. ಹದಿಮೂರು ವರ್ಷದ ಹುಡುಗನಿಗೆ ಗೆಳತಿಯ ಬರಹಕ್ಕೆ ಸಲಹೆ ಕೊಡಲು ಬರುವುದಿಲ್ಲ. ಆದರೆ ತನಗೆ ಅರ್ಥವಾಗದ್ದನ್ನು ಕೇಳಲು ಖಂಡಿತ ಬರುತ್ತದೆ. ತಿರುಗಿ ಹೇಳುವಾಗ ಅವನು ಯಾವ ವಾಕ್ಯವನ್ನು ಬಿಟ್ಟುಬಿಡುತ್ತಾನೋ ಅದು ಕರಡಿನಲ್ಲಿ ಬೇರೂರದ ವಾಕ್ಯ ಎಂದು ಬರೆದವಳಿಗೆ ತಾನಾಗಿ ಗೊತ್ತಾಗುತ್ತದೆ.

ಬರೆಯುವ ಪುಸ್ತಕದ ವ್ಯವಸ್ಥೆಯೂ ಮುಖ್ಯ. ಕರಡನ್ನು ಬಲಪುಟದಲ್ಲಿ ಮಾತ್ರ, ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಸಿ. ಎಡಪುಟ ಖಾಲಿ ಇರಲಿ. ಚೀಟಿಯ ಪ್ರಶ್ನೆಯನ್ನು ಅಲ್ಲಿ ಅಂಟಿಸಿ, ಅದರ ಉತ್ತರವನ್ನು ಅಲ್ಲಿಯೇ ಬರೆಯಲಿ. ರಬ್ಬರ್ ಬೇಡ, ಬೇಡವಾದದ್ದಕ್ಕೆ ಒಂದು ಗೆರೆ ಎಳೆದರೆ ಸಾಕು. ಜಾಗವೇ ಇಲ್ಲದ ಪುಟದಲ್ಲಿ ‘ಇನ್ನೊಂದು ವಾಕ್ಯ ಸೇರಿಸು’ ಎಂದರೆ ಮಗು ಎಲ್ಲಿ ಸೇರಿಸಬೇಕು?

ಬೆಂಗಳೂರಿನ ಖಾಸಗಿ ಶಾಲೆಯ ಶಿಕ್ಷಕ

ಚಿತ್ರದುರ್ಗದ ಹಿರಿಯರ ಅನುಭವದ ಬಗ್ಗೆ ಗೌರವವಿದೆ, ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಕಾಗುಣಿತ ಮತ್ತು ವಾಕ್ಯರಚನೆ ಸರಿಯಾಗದೆ ವಿಷಯಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಎರಡು ವರ್ಷ ಕಳೆದರೆ ಇದೇ ಮಕ್ಕಳು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಚೌಕಟ್ಟಿನಲ್ಲಿ ಒಂದೇ ಬಾರಿಗೆ ಪ್ರಬಂಧ ಬರೆದು ಮುಗಿಸಬೇಕು. ಅಲ್ಲಿ ಎರಡನೆಯ ಕರಡೂ ಇಲ್ಲ, ಪ್ರಶ್ನೆ ಕೇಳುವ ಗೆಳೆಯನೂ ಇಲ್ಲ. ನಾನು ಮಾದರಿ ಪ್ರಬಂಧವೊಂದನ್ನು ಕೊಟ್ಟು, ಅದರ ಮೂರು ಭಾಗಗಳನ್ನು ಗುರುತಿಸಿ, ಅದೇ ಅಚ್ಚಿನಲ್ಲಿ ಬೇರೆ ವಿಷಯವನ್ನು ಬರೆಸುತ್ತೇನೆ. ಮಕ್ಕಳ ಅಂಕಗಳು ಕಡಿಮೆಯಾಗಿಲ್ಲ.

ಮೈಸೂರಿನ ಪೋಷಕ

ಈ ಚರ್ಚೆಯನ್ನು ಓದಿ ಒಬ್ಬ ತಂದೆಯಾಗಿ ಬರೆಯುತ್ತಿದ್ದೇನೆ. ಮಕ್ಕಳ ಪ್ರಬಂಧವನ್ನು ಮಕ್ಕಳೇ ತಿದ್ದಿದರೆ ಶಿಕ್ಷಕರು ತಿದ್ದುವುದು ಯಾವಾಗ? ನನ್ನ ಮಗಳ ಶಾಲೆಯಲ್ಲಿಯೂ ಹೀಗೆ ಪುಸ್ತಕ ಬದಲಿಸಿಕೊಂಡಾಗ ಅವಳು ಅಜ್ಜಿಯ ಬಗ್ಗೆ ಬರೆದದ್ದನ್ನು ಓದಿದ ಹುಡುಗಿಯೊಬ್ಬಳು ಅಂಚಿನಲ್ಲಿ ‘ಸುಳ್ಳು’ ಎಂದು ಬರೆದಿದ್ದಳು. ಅಂದಿನಿಂದ ಅವಳು ಮನೆಯ ವಿಷಯವನ್ನು ಬರೆಯುವುದನ್ನೇ ಬಿಟ್ಟು ಪರಿಸರ ಮಾಲಿನ್ಯ, ಗ್ರಂಥಾಲಯದ ಮಹತ್ವ ಎಂಬಂಥವನ್ನು ಮಾತ್ರ ಬರೆಯುತ್ತಾಳೆ. ತಿದ್ದುವ ಜವಾಬ್ದಾರಿ ಶಿಕ್ಷಕರದೇ ಆಗಿರಬೇಕು ಎಂಬುದು ನನ್ನ ಅಭಿಪ್ರಾಯ.

ನಿವೃತ್ತ ಶಿಕ್ಷಕ, ಚಿತ್ರದುರ್ಗ

ಪೋಷಕರೇ, ನಿಮ್ಮ ಮಗಳಿಗಾದ ನೋವು ಸಣ್ಣದಲ್ಲ. ಆದರೆ ಇಲ್ಲಿ ಮೇಡಂ ಕೇಳುತ್ತಿರುವುದು ಮಕ್ಕಳಿಂದ ತಿದ್ದಿಸುವುದನ್ನಲ್ಲ. ತಿದ್ದುವುದು, ಅಂಕ ಕೊಡುವುದು ಶಿಕ್ಷಕರ ಕೆಲಸವಾಗಿಯೇ ಉಳಿಯುತ್ತದೆ. ಜೊತೆಗಾರರು ಓದುಗರು ಮಾತ್ರ. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರು ಒಂದಕ್ಷರವನ್ನೂ ಬರೆಯಕೂಡದು ಎಂಬ ನಿಯಮವನ್ನು ನಾನು ಇಟ್ಟಿದ್ದೇ ಇಂಥ ಕಾರಣಕ್ಕೆ. ಪ್ರಶ್ನೆ ಚೀಟಿಯಲ್ಲಿರುತ್ತದೆ, ಅದನ್ನು ಅಂಟಿಸಿಕೊಳ್ಳಬೇಕೇ ಬಿಡಬೇಕೇ ಎಂಬುದು ಬರೆದವರ ಇಷ್ಟ. ‘ಸುಳ್ಳು’ ಎಂದು ತೀರ್ಪು ಕೊಡುವ ಬದಲು ‘ನಿಮ್ಮ ಅಜ್ಜಿ ಅದನ್ನು ಯಾವಾಗ ಮಾಡಿದರು?’ ಎಂದು ಕೇಳುವುದನ್ನು ಆ ಹುಡುಗಿಗೆ ಯಾರೂ ಕಲಿಸಿರಲಿಲ್ಲ.

ಬೆಂಗಳೂರಿನ ಸರ್ ಹೇಳಿದ್ದರಲ್ಲಿ ಒಂದು ಮಾತು ನಿಜ: ಪರೀಕ್ಷೆಯಲ್ಲಿ ಒಂದೇ ಬಾರಿಗೆ ಬರೆಯಬೇಕು. ಆದರೆ ಅಚ್ಚು ಕೊಟ್ಟಾಗ ಮಕ್ಕಳು ಅಚ್ಚಿನ ಜೊತೆಗೆ ಅದರ ವಾಕ್ಯಗಳನ್ನೂ ತೆಗೆದುಕೊಳ್ಳುತ್ತಾರೆ. ಗಾದೆಯ ವಿಸ್ತರಣೆ ಕೊಟ್ಟರೆ ಇಡೀ ತರಗತಿ ‘ಗಾದೆಗಳು ವೇದಗಳಿಗೆ ಸಮಾನ’ ಎಂದು ಆರಂಭಿಸುತ್ತದೆ. ರೈತನ ಬಗ್ಗೆ ಕೊಟ್ಟರೆ ‘ಭಾರತ ಕೃಷಿ ಪ್ರಧಾನ ದೇಶ’ ಎಂದು ಆರಂಭಿಸುತ್ತದೆ. ಆ ವಾಕ್ಯಗಳು ತಪ್ಪಲ್ಲ, ಆದರೆ ಅವುಗಳಿಂದ ಮುಂದಿನ ವಾಕ್ಯ ಹುಟ್ಟುವುದಿಲ್ಲ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಕೊಡುತ್ತೇನೆ. ವಿಷಯ, ‘ರಸ್ತೆಯ ಮೇಲೆ ಒಕ್ಕಣೆ ಮಾಡಬಹುದೇ?’ ನಮ್ಮ ಕಡೆಯ ಮಕ್ಕಳಿಗೆಲ್ಲ ಇದು ಕಣ್ಣಾರೆ ಕಂಡ ಸಂಗತಿ. ಅಲ್ಲದೆ ಇದಕ್ಕೆ ಎರಡು ಮಗ್ಗುಲುಗಳಿವೆ, ಹಾಗಾಗಿ ಬಾಯಿಪಾಠದ ಉತ್ತರ ಇಲ್ಲಿ ಒದಗುವುದಿಲ್ಲ. ಒಬ್ಬ ಹುಡುಗನ ಮೊದಲ ಕರಡು ಈ ಬಗೆಯದಾಗಿತ್ತು:

> ನಮ್ಮ ದೇಶ ಕೃಷಿ ಪ್ರಧಾನ ದೇಶ. ರೈತ ದೇಶದ ಬೆನ್ನೆಲುಬು. ನಮ್ಮ ಊರಲ್ಲಿ ಹುರುಳಿಯನ್ನು ರಸ್ತೆಗೆ ಹಾಕಿ ಬಸ್ಸು ಲಾರಿಗಳು ಹೋಗಿ ಕಾಳು ಉದುರುತ್ತದೆ. ಇದರಿಂದ ತುಂಬಾ ಅಪಘಾತಗಳು ಆಗುತ್ತದೆ. ನಮ್ಮ ತಾತ ಕಣದಲ್ಲಿ ಮಾಡುತ್ತಿದ್ದರು. ಈಗ ಯಾರೂ ಮಾಡುವುದಿಲ್ಲ. ಆದ್ದರಿಂದ ರಸ್ತೆಯಲ್ಲಿ ಒಕ್ಕಣೆ ಮಾಡಬಾರದು.

ಮೂವರ ಗುಂಪಿನಲ್ಲಿ ಇದನ್ನು ಓದಿದಾಗ ಕೇಳಿದ ಹುಡುಗಿ ತಿರುಗಿ ಹೇಳಿದ್ದು ಇಷ್ಟು: ‘ರಸ್ತೆಯಲ್ಲಿ ಹುರುಳಿ ಹಾಕಿದರೆ ಅಪಘಾತ ಆಗುತ್ತದಂತೆ, ಹಾಕಬಾರದಂತೆ.’ ಕೃಷಿ ಪ್ರಧಾನ ದೇಶ, ಬೆನ್ನೆಲುಬು, ತಾತ, ಇವು ಮೂರೂ ಅವಳ ಮಾತಿನಲ್ಲಿ ಇರಲಿಲ್ಲ. ಅವಳ ಚೀಟಿಯಲ್ಲಿದ್ದ ಪ್ರಶ್ನೆ: ‘ತಾತ ಕಣದಲ್ಲಿ ಮಾಡುತ್ತಿದ್ದರೆ ಈಗ ಏಕೆ ಮಾಡುವುದಿಲ್ಲ?’ ಇನ್ನೊಬ್ಬ ಕೇಳಿದ್ದು: ‘ಹುರುಳಿಯಿಂದ ಅಪಘಾತ ಹೇಗೆ ಆಗುತ್ತದೆ?’

ಮೊದಲನೆಯ ಪ್ರಶ್ನೆಗೆ ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಹೋಗಿ ಕೇಳಿಕೊಂಡು ಬಂದ. ಅವನ ಎರಡನೆಯ ಕರಡು:

> ನಮ್ಮ ತಾತನ ಕಾಲದಲ್ಲಿ ಹುರುಳಿಯನ್ನು ಕಣದಲ್ಲಿ ಒಕ್ಕುತ್ತಿದ್ದರು. ಹೊಲದ ಒಂದು ಕಡೆ ನೆಲ ಕೆತ್ತಿ, ನೀರು ಹಾಕಿ ಗಟ್ಟಿ ಮಾಡಿ, ಸಗಣಿಯಿಂದ ಸಾರಿಸಿ ಕಣ ಮಾಡುತ್ತಿದ್ದರು. ಆಮೇಲೆ ಎತ್ತು ಕಟ್ಟಿ ರೋಣಗಲ್ಲು ಹೊಡೆಯುತ್ತಿದ್ದರು. ಈಗ ನಮ್ಮ ಮನೆಯಲ್ಲಿ ಎತ್ತುಗಳಿಲ್ಲ. ಕಣ ಮಾಡಲು ಆಳುಗಳೂ ಸಿಗುವುದಿಲ್ಲ. ರಸ್ತೆಗೆ ಹಾಕಿದರೆ ಬಸ್ಸು ಲಾರಿಗಳೇ ಒಕ್ಕಿಕೊಡುತ್ತವೆ. ಅದಕ್ಕೇ ಎಲ್ಲರೂ ರಸ್ತೆಗೆ ಹಾಕುತ್ತಾರೆ.
>
> ಆದರೆ ಒಣಗಿದ ಬಳ್ಳಿಯ ಮೇಲೆ ಬೈಕಿನ ಚಕ್ರ ಜಾರುತ್ತದೆ. ಬ್ರೇಕ್ ಹಾಕಿದರೂ ಗಾಡಿ ನಿಲ್ಲುವುದಿಲ್ಲ. ಕಾರಿನ ಅಡಿಗೆ ಬಳ್ಳಿ ಸುತ್ತಿಕೊಂಡು ಬಿಸಿಗೆ ಬೆಂಕಿ ಹತ್ತಬಹುದು. ಕಾಳಿಗೆ ಮಣ್ಣು ಕಲ್ಲು ಸೇರುತ್ತದೆ.

ಒಂದು ಪ್ಯಾರಾ ಎರಡಾಗಿರುವುದನ್ನು ಗಮನಿಸಿ. ‘ಒಂದು ಪ್ಯಾರಾದಲ್ಲಿ ಒಂದೇ ವಿಚಾರ ಇರಬೇಕು’ ಎಂದು ನಾನು ಅವನಿಗೆ ಹೇಳಿರಲಿಲ್ಲ. ಎರಡು ಪ್ರಶ್ನೆಗಳಿಗೆ ಎರಡು ಉತ್ತರ ಬರೆಯುವಾಗ ಅವು ತಾವಾಗಿ ಬೇರೆಯಾದವು. ಕೃಷಿ ಪ್ರಧಾನ ದೇಶ ತಾನಾಗಿ ಬಿದ್ದುಹೋಯಿತು. ‘ಆದರೆ’ ಎಂಬ ಪದ ಎರಡನೆಯ ಪ್ಯಾರಾದ ತಲೆಯಲ್ಲಿ ಬಂದು ಕೂತಿತು. ಇನ್ನೂ ದೊಡ್ಡ ಬದಲಾವಣೆ ಎಂದರೆ, ‘ಮಾಡಬಾರದು’ ಎಂಬ ಅವನ ತೀರ್ಮಾನವೇ ಅಲುಗಾಡಿತು. ಮುಂದಿನ ಸುತ್ತಿನಲ್ಲಿ ಆ ಹುಡುಗಿ ‘ಹಾಗಾದರೆ ಎತ್ತಿಲ್ಲದವರು ಏನು ಮಾಡಬೇಕು?’ ಎಂದು ಕೇಳಿದಳು. ಊರಿಗೊಂದು ಸಿಮೆಂಟಿನ ಕಣ ಇರಬೇಕು, ಒಕ್ಕುವ ಯಂತ್ರ ಬಾಡಿಗೆಗೆ ಸಿಗಬೇಕು ಎಂಬ ಮೂರನೆಯ ಪ್ಯಾರಾ ಅದರಿಂದ ಬಂತು. ಪ್ಯಾರಾ ಬರೆಯುವುದು ಪ್ರಬಂಧ ಬರೆಯುವುದಾಗಿ ಬೆಳೆಯುವುದು ಈ ದಾರಿಯಲ್ಲಿ. ಪೀಠಿಕೆಯನ್ನು ಕೊನೆಯಲ್ಲಿ ಬರೆಸುವುದು ನನ್ನ ಅಭ್ಯಾಸ. ಹೇಳುವುದೇನೆಂದು ತಿಳಿದ ಮೇಲೆ ಅದನ್ನು ಆರಂಭಿಸುವುದು ಹೇಗೆಂದು ಯೋಚಿಸುವುದು ಸುಲಭ.

ಬೆಂಗಳೂರಿನ ಖಾಸಗಿ ಶಾಲೆಯ ಶಿಕ್ಷಕ

ಉದಾಹರಣೆ ಚೆನ್ನಾಗಿದೆ, ವಿಷಯ ಬೆಳೆದಿರುವುದನ್ನು ಒಪ್ಪುತ್ತೇನೆ. ಆದರೆ ಮೊದಲ ಕರಡಿನ ಮೂರನೆಯ ವಾಕ್ಯವನ್ನು ನೋಡಿ: ‘ಹುರುಳಿಯನ್ನು ರಸ್ತೆಗೆ ಹಾಕಿ ಬಸ್ಸು ಲಾರಿಗಳು ಹೋಗಿ ಕಾಳು ಉದುರುತ್ತದೆ.’ ಹಾಕಿದವರು ರೈತರು, ಹೋದದ್ದು ಬಸ್ಸು, ಉದುರಿದ್ದು ಕಾಳು. ‘ಹಾಕಿ’, ‘ಹೋಗಿ’ ಎಂದು ಕ್ರಿಯೆಗಳನ್ನು ಪೋಣಿಸುವಾಗ ಎಲ್ಲದಕ್ಕೂ ಕರ್ತೃ ಒಬ್ಬನೇ ಇರಬೇಕು ಎಂಬ ನಿಯಮವನ್ನು ಮೊದಲೇ ಕಲಿಸಿದ್ದರೆ ಇಂಥ ವಾಕ್ಯ ಹುಟ್ಟುತ್ತಲೇ ಇರಲಿಲ್ಲ. ‘ಅಪಘಾತಗಳು ಆಗುತ್ತದೆ’ ಎಂಬುದಂತೂ ವಚನದ ಸ್ಪಷ್ಟ ದೋಷ. ಇವನ್ನು ಗೆಳೆಯರು ಹಿಡಿಯಲಿಲ್ಲ ಎಂಬುದನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಿವೃತ್ತ ಶಿಕ್ಷಕ, ಚಿತ್ರದುರ್ಗ

ವಾಕ್ಯವನ್ನು ನೀವು ಗುರುತಿಸಿದ್ದು ಸರಿಯಾಗಿದೆ ಸರ್, ಎಂಟನೆಯ ತರಗತಿಯ ಬರಹದಲ್ಲಿ ಈ ಪೋಣಿಸುವಿಕೆಯೇ ದೊಡ್ಡ ತೊಡಕು. ಆದರೆ ನಿಯಮವನ್ನು ಅಷ್ಟು ಬಿಗಿಯಾಗಿ ಹೇಳಲಾಗದು. ‘ಮಳೆ ಬಂದು ಕೆರೆ ತುಂಬಿತು’ ಎಂಬುದು ಅಚ್ಚ ಕನ್ನಡ ವಾಕ್ಯ. ಬಂದದ್ದು ಮಳೆ, ತುಂಬಿದ್ದು ಕೆರೆ. ಒಂದರಿಂದ ಇನ್ನೊಂದು ಆಯಿತು ಎಂಬ ಸಂಬಂಧವಿದ್ದರೆ ಕರ್ತೃ ಬೇರೆಯಾದರೂ ಕಿವಿ ಒಪ್ಪುತ್ತದೆ. ಹುಡುಗನ ವಾಕ್ಯದಲ್ಲಿಯೂ ‘ಲಾರಿಗಳು ಹೋಗಿ ಕಾಳು ಉದುರುತ್ತದೆ’ ಎಂಬ ಭಾಗ ಹಾಗೆಯೇ ನಿಲ್ಲುತ್ತದೆ. ತೊಡಕಿರುವುದು ‘ಹಾಕಿ’ ಎಂಬಲ್ಲಿ, ಏಕೆಂದರೆ ಹಾಕಿದವರು ಯಾರೆಂಬುದೇ ವಾಕ್ಯದಲ್ಲಿಲ್ಲ, ‘ಹಾಕಿ’ ಎಂಬುದು ಮುಂದಿನ ಬಸ್ಸಿಗೆ ಹೋಗಿ ಅಂಟಿಕೊಳ್ಳುತ್ತದೆ. ಇದನ್ನು ಮಕ್ಕಳಿಗೆ ನಿಯಮವಾಗಿ ಕೊಡದೆ, ಬೆರಳಿಟ್ಟು ‘ಇದನ್ನು ಯಾರು ಮಾಡಿದರು?’ ಎಂದು ಕೇಳುವ ಅಭ್ಯಾಸವಾಗಿ ಕೊಟ್ಟರೆ ಅವರೇ ಹಿಡಿಯುತ್ತಾರೆ.

ಹಿಡಿಯುವುದು ಮಾತ್ರ ಮೂರನೆಯ ಸುತ್ತಿನಲ್ಲಿ. ಮೊದಲ ಕರಡಿನಲ್ಲಿಯೇ ‘ಆಗುತ್ತದೆ’ಯನ್ನು ‘ಆಗುತ್ತವೆ’ ಎಂದು ತಿದ್ದಿದ್ದರೆ ಏನಾಗುತ್ತಿತ್ತು ನೋಡಿ: ಎರಡನೆಯ ಕರಡಿನಲ್ಲಿ ಆ ವಾಕ್ಯವೇ ಇಲ್ಲ. ಬಿಸಾಡಲಿರುವ ವಾಕ್ಯವನ್ನು ತಿದ್ದಿಸಿದರೆ ಹುಡುಗ ಅದನ್ನು ಬಿಸಾಡಲು ಒಪ್ಪುವುದಿಲ್ಲ, ಕಷ್ಟಪಟ್ಟು ತಿದ್ದಿದ್ದಲ್ಲವೇ! ವಿಷಯ ಮತ್ತು ಕ್ರಮ ನಿಂತ ಮೇಲೆ ಪುಸ್ತಕಗಳು ಕೈ ಬದಲಾಗಲಿ, ಆಗ ಹುಡುಕುವುದು ಆ ವಾರಕ್ಕೆ ಒಂದೇ ಅಂಶ. ಒಂದು ಪ್ರಬಂಧಕ್ಕೆ ವಚನ, ಅಂದರೆ ಬಹುವಚನದ ಕರ್ತೃವಿಗೆ ‘ಉತ್ತವೆ’ ಬಂದಿದೆಯೇ ಎಂಬುದು. ಮುಂದಿನ ಪ್ರಬಂಧಕ್ಕೆ ‘ಯಾರು ಮಾಡಿದರು?’ ಎಂಬುದು. ಅದರ ನಂತರದ್ದಕ್ಕೆ, ಹಾಸನದ ಮೇಡಂ ಅವರ ತರಗತಿಯಾದರೆ, ಹಕಾರ. ಅದಕ್ಕೆ ಗೋಡೆಯ ಮೇಲೆ ಪದಗಳ ಪಟ್ಟಿ ಇರಲಿ, ಅನುಮಾನ ಬಂದರೆ ಗೆಳೆಯನನ್ನು ನಂಬದೆ ಪಟ್ಟಿಯನ್ನೋ ನಿಘಂಟನ್ನೋ ನೋಡಲಿ. ತಪ್ಪು ಕಂಡ ಸಾಲಿನ ಅಂಚಿನಲ್ಲಿ ಪೆನ್ಸಿಲಿನ ಚುಕ್ಕೆ ಇಡುವುದಷ್ಟೇ ಜೊತೆಗಾರರ ಕೆಲಸ, ತಪ್ಪನ್ನು ಹುಡುಕಿ ತಿದ್ದಬೇಕಾದವರು ಬರೆದವರೇ.

ರಾಯಚೂರಿನ ಶಿಕ್ಷಕಿ

ಎಲ್ಲರಿಗೂ ಶರಣು. ನಮ್ಮ ಭಾಗದ ಒಂದು ತೊಂದರೆಯನ್ನು ಸೇರಿಸುತ್ತೇನೆ. ಗಟ್ಟಿಯಾಗಿ ಓದಿಸುವ ಕ್ರಮ ನಮ್ಮಲ್ಲಿ ಬೇಗ ಕೈಕೊಡುತ್ತದೆ, ಏಕೆಂದರೆ ಓದುವಾಗ ಮನೆಯ ಮಾತು ಹೊರಗೆ ಬೀಳುತ್ತದೆ ಮತ್ತು ಉಳಿದವರು ನಗುತ್ತಾರೆ. ಆಂಧ್ರ, ತೆಲಂಗಾಣದ ಗಡಿಯ ಕಡೆಯಿಂದ ಬರುವ ನಮ್ಮ ಕೆಲವು ಮಕ್ಕಳು ಮನೆಯಲ್ಲಿ ತೆಲುಗು ಮಾತನಾಡುತ್ತಾರೆ. ತೆಲುಗಿನಲ್ಲಿ ಅಕ್ಕ ಬಂದರೂ ಆಕಳು ಬಂದರೂ ಏಕವಚನದಲ್ಲಿ ಕ್ರಿಯಾಪದ ಒಂದೇ ರೂಪದಲ್ಲಿರುತ್ತದೆ. ಆ ಅಭ್ಯಾಸದಿಂದ ಒಬ್ಬಳು ‘ನಮ್ಮ ಅಕ್ಕ ಊರಿಂದ ಬಂತು’ ಎಂದು ಬರೆದು ಓದಿದಾಗ ಇಡೀ ಗುಂಪು ನಕ್ಕಿತು. ಅವಳು ಆಮೇಲೆ ಓದಲು ಎದ್ದು ನಿಲ್ಲಲೇ ಇಲ್ಲ. ಅವಳಿಗೆ ಕನ್ನಡ ಬಾರದೆಂದಲ್ಲ, ಅವಳ ತಪ್ಪಿನ ಹಿಂದೆ ಇನ್ನೊಂದು ಭಾಷೆಯ ಸರಿಯಾದ ವ್ಯಾಕರಣ ಇದೆ ಎಂಬುದು ನಗುವವರಿಗೆ ತಿಳಿಯಬೇಕು.

ನಾನು ಕಂಡುಕೊಂಡ ಉಪಾಯವೆಂದರೆ, ಮೊದಲ ಸುತ್ತನ್ನು ಮೂವರ ಬದಲು ಇಬ್ಬರಿಗೆ ಇಳಿಸುವುದು ಮತ್ತು ಜೋಡಿಯನ್ನು ನಾನೇ ಆರಿಸುವುದು. ಅಲ್ಲದೆ ಎರಡೂ ಭಾಷೆ ಬಲ್ಲ ಮಕ್ಕಳು ಪ್ರಶ್ನೆಯನ್ನು ತೆಲುಗಿನಲ್ಲಿಯೋ ಉರ್ದುವಿನಲ್ಲಿಯೋ ಬಾಯಲ್ಲಿ ಕೇಳಿದರೂ ಒಪ್ಪುತ್ತೇನೆ. ಉತ್ತರ ಮಾತ್ರ ಕನ್ನಡದಲ್ಲಿ ಬರವಣಿಗೆಗೆ ಬರಬೇಕು.

ಇನ್ನೊಂದು ಪ್ರಶ್ನೆ ಹಿರಿಯರಿಗೆ. ನಮ್ಮ ಮಕ್ಕಳು ‘ಅಪ್ಪ ಹೊಲಕ್ಕ ಹೋಗ್ಯಾನ’ ಎಂಬ ಮಾತನ್ನು ಬರೆದರೆ ಎಷ್ಟನ್ನು ಉಳಿಸಬೇಕು? ಕರಡಿನಲ್ಲಿ ನಾನು ಮುಟ್ಟುವುದಿಲ್ಲ. ಅಂತಿಮ ಪ್ರತಿಯಲ್ಲಿ ಅಪ್ಪ, ಅವ್ವ ಆಡಿದ ಮಾತು ಉದ್ಧರಣ ಚಿಹ್ನೆಯೊಳಗೆ ಇದ್ದರೆ ಅದು ಹಾಗೆಯೇ ಇರಬೇಕು ಎಂಬುದು ನನ್ನ ನಿಲುವು.

ಬೆಂಗಳೂರಿನ ಖಾಸಗಿ ಶಾಲೆಯ ಶಿಕ್ಷಕ

ಕಥೆಯಾದರೆ ಒಪ್ಪಬಹುದು ಮೇಡಂ. ಪ್ರಬಂಧದಲ್ಲಿ ಗ್ರಂಥಸ್ಥ ಭಾಷೆಯೇ ಇರಬೇಕು. ಉತ್ತರಪತ್ರಿಕೆಯನ್ನು ನೋಡುವ ಮೌಲ್ಯಮಾಪಕರು ಬೇರೆ ಜಿಲ್ಲೆಯವರಾಗಿರಬಹುದು, ಅವರು ಅದನ್ನು ತಪ್ಪೆಂದು ಪರಿಗಣಿಸಿದರೆ ನಷ್ಟ ಮಗುವಿಗೆ.

ರಾಯಚೂರಿನ ಶಿಕ್ಷಕಿ

ಆ ಅಪಾಯವಿದೆ ಎಂಬುದು ನಿಜ ಸರ್. ಆದರೆ ಅವ್ವನ ಮಾತನ್ನು ಗ್ರಂಥಸ್ಥ ಭಾಷೆಗೆ ತಿರುಗಿಸಿದರೆ ಮಗು ಆ ಮಾತನ್ನೇ ಪ್ರಬಂಧದಿಂದ ತೆಗೆದುಹಾಕುತ್ತದೆ, ಅದರೊಂದಿಗೆ ಅವರ ಬರಹದಲ್ಲಿದ್ದ ಒಂದೇ ಒಂದು ನಿಜವಾದ ವಿವರವೂ ಹೋಗುತ್ತದೆ. ಇದನ್ನು ನಾನು ನನ್ನ ತರಗತಿಯಲ್ಲಿ ಬಿಟ್ಟುಕೊಡುವುದಿಲ್ಲ.

ನಿವೃತ್ತ ಶಿಕ್ಷಕ, ಚಿತ್ರದುರ್ಗ

ರಾಯಚೂರಿನ ಮೇಡಂ ಅವರ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಪರೀಕ್ಷೆಯ ವಿಷಯದಲ್ಲಿ ಬೆಂಗಳೂರಿನ ಸರ್ ಅವರ ಎಚ್ಚರಿಕೆಯನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಎಂಟನೆಯ ತರಗತಿಯಲ್ಲಿ ಇರಲಿ ಎಂದಷ್ಟೇ ಹೇಳಬಲ್ಲೆ.

ಹಾಸನದ ಕನ್ನಡ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. ಇಷ್ಟು ವಿವರವಾಗಿ ಬರೆಯುವಿರೆಂದು ನಿರೀಕ್ಷಿಸಿರಲಿಲ್ಲ. ಚಿತ್ರದುರ್ಗದ ಸರ್ ಹೇಳಿದಂತೆ ಈ ವಾರ ಪುಸ್ತಕ ಬದಲಿಸದೆ ಗಟ್ಟಿಯಾಗಿ ಓದಿಸಿ ನೋಡಿದೆ. ‘ನಮ್ಮೂರಿನ ಸಂತೆ’ ಎಂಬ ವಿಷಯಕ್ಕೆ ಒಂದು ಪ್ಯಾರಾ. ತಿರುಗಿ ಹೇಳುವುದನ್ನು ಮಕ್ಕಳು ಇಷ್ಟಪಟ್ಟರು, ಆದರೆ ಪ್ರಶ್ನೆಗಳು ದುರ್ಬಲವಾಗಿದ್ದವು. ಬಹಳ ಮಂದಿ ‘ಸಂತೆ ಯಾವ ದಿನ ನಡೆಯುತ್ತದೆ?’ ಎಂದೇ ಕೇಳಿದ್ದಾರೆ, ಅದು ಕರಡಿನಲ್ಲಿಯೇ ಇದ್ದರೂ ಕೂಡ. ಇನ್ನೆರಡು ತೊಂದರೆಗಳು: 40 ನಿಮಿಷದ ಪಿರಿಯಡ್ ಸಾಲುವುದಿಲ್ಲ, ಮತ್ತು ಆರೇಳು ಮಕ್ಕಳಿಗೆ ಒತ್ತಕ್ಷರವೇ ಸರಿಯಾಗಿ ಬಾರದಿರುವುದರಿಂದ ಒಂದು ಪ್ಯಾರಾ ಬರೆಯುವುದೇ ದೊಡ್ಡ ಕೆಲಸ.

ನಿವೃತ್ತ ಶಿಕ್ಷಕ, ಚಿತ್ರದುರ್ಗ

ಪ್ರಶ್ನೆ ಕೇಳುವುದನ್ನೂ ಕಲಿಸಬೇಕಾಗುತ್ತದೆ ಮೇಡಂ. ಅದಕ್ಕೆ ಮೊದಲು ನಿಮ್ಮದೇ ಒಂದು ಕರಡನ್ನು ಹಲಗೆಯ ಮೇಲೆ ಬರೆಯಿರಿ, ಏಳೆಂಟು ವಾಕ್ಯ ಸಾಕು, ಅದರಲ್ಲಿ ಒಂದೆರಡು ಕಡೆ ಬೇಕೆಂದೇ ಖಾಲಿ ಬಿಡಿ. ‘ನಮ್ಮೂರ ಸಂತೆಯಲ್ಲಿ ಎಲ್ಲ ವಸ್ತುಗಳೂ ಸಿಗುತ್ತವೆ. ಬಹಳ ಜನ ಬರುತ್ತಾರೆ’ ಎಂಬಂಥ ವಾಕ್ಯಗಳಿರಲಿ. ತರಗತಿಯೆಲ್ಲ ನಿಮಗೆ ಪ್ರಶ್ನೆ ಕೇಳಲಿ. ಬಂದ ಪ್ರಶ್ನೆಗಳನ್ನು ಹಲಗೆಯ ಬದಿಯಲ್ಲಿ ಬರೆದು, ಒಂದೊಂದಕ್ಕೂ ಉತ್ತರ ಸೇರಿಸಿ ಕರಡನ್ನು ಅವರ ಕಣ್ಣೆದುರಿಗೇ ಬದಲಿಸಿ. ‘ಯಾವ ದಿನ?’ ಎಂಬ ಪ್ರಶ್ನೆಗೆ ಒಂದು ಪದ ಸೇರುತ್ತದೆ. ‘ಮಾರಾಟವಾಗದೆ ಉಳಿದ ಸೊಪ್ಪನ್ನು ಸಂಜೆ ಏನು ಮಾಡುತ್ತಾರೆ?’ ಎಂಬ ಪ್ರಶ್ನೆಗೆ ಮೂರು ವಾಕ್ಯ ಸೇರುತ್ತವೆ. ಯಾವ ಪ್ರಶ್ನೆ ಬರಹವನ್ನು ಹೆಚ್ಚು ಬದಲಿಸಿತು ಎಂದು ಅವರನ್ನೇ ಕೇಳಿ. ಒಂದು ಪದದಲ್ಲಿ ಉತ್ತರಿಸಬಹುದಾದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆಯುವುದು ಬೇಡ ಎಂಬ ಒಪ್ಪಂದಕ್ಕೆ ಬನ್ನಿ. ‘ಏಕೆ’, ‘ಹೇಗೆ’, ‘ಆಮೇಲೆ ಏನಾಯಿತು’ ಎಂದು ಆರಂಭವಾಗುವ ಪ್ರಶ್ನೆಗಳು ಉಳಿಯುತ್ತವೆ.

ಪಿರಿಯಡ್ಡಿನ ಲೆಕ್ಕ ಹೀಗೆ ಹಾಕಿಕೊಳ್ಳಿ. ಒಂದು ಪ್ರಬಂಧವನ್ನು ಒಂದೇ ವಾರದಲ್ಲಿ ಮುಗಿಸದೆ ಎರಡು ವಾರಗಳಿಗೆ ಹರಡಿ, ನಾಲ್ಕು ಪಿರಿಯಡ್ ಬಳಸಿ. ಮೊದಲನೆಯದರಲ್ಲಿ ಹತ್ತು ನಿಮಿಷ ಮಾತು, ಉಳಿದದ್ದು ಕರಡು, ಮುಗಿಯದಿದ್ದರೂ ನಿಲ್ಲಿಸಿ. ಎರಡನೆಯದರಲ್ಲಿ ಓದುವುದು, ತಿರುಗಿ ಹೇಳುವುದು, ಚೀಟಿ. ಮೂವರ ಗುಂಪಿನಲ್ಲಿ ಒಬ್ಬರಿಗೆ ಎಂಟು ನಿಮಿಷ ಎಂದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮೂರನೆಯದರಲ್ಲಿ ಎರಡನೆಯ ಕರಡು. ನಾಲ್ಕನೆಯದರಲ್ಲಿ ಒಂದು ಅಂಶದ ತಿದ್ದುವಿಕೆ. ಅಂತಿಮ ಪ್ರತಿಯನ್ನು ಮನೆಯಲ್ಲಿ ಬರೆಯಲಿ, ಕರಡನ್ನು ಮಾತ್ರ ಮನೆಗೆ ಕೊಡಬೇಡಿ. ಮನೆಗೆ ಕೊಟ್ಟರೆ ಅಣ್ಣನೋ ಗೈಡೋ ಬರೆದುಕೊಡುತ್ತದೆ. 43 ಕರಡುಗಳನ್ನೂ ನೀವು ಓದಬೇಕಿಲ್ಲ. ಓದುವ ಪಿರಿಯಡ್ಡಿನಲ್ಲಿ ನಾಲ್ಕೈದು ಗುಂಪುಗಳ ಪಕ್ಕದಲ್ಲಿ ಕೂತು ಕೇಳಿ, ಮುಂದಿನ ಪ್ರಬಂಧಕ್ಕೆ ಬೇರೆ ಗುಂಪುಗಳು. ನಿಮ್ಮ ತಿದ್ದುವಿಕೆ ಅಂತಿಮ ಪ್ರತಿಗೆ ಮೀಸಲಿರಲಿ.

ಫಲ ಸಿಕ್ಕಿದೆಯೇ ಎಂದು ತಿಳಿಯಲು ಎರಡು ಕರಡುಗಳನ್ನು ಅಕ್ಕಪಕ್ಕ ಇಟ್ಟು, ಹೊಸದಾಗಿ ಸೇರಿದ ವಾಕ್ಯಕ್ಕೆ ಒಂದು ಗುರುತು, ಜಾಗ ಬದಲಿಸಿದ್ದಕ್ಕೆ ಒಂದು, ಬಿಟ್ಟಿದ್ದಕ್ಕೆ ಒಂದು ಹಾಕಿ ನೋಡಿ. ಸೇರಿಸುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಜಾಗ ಬದಲಿಸುವುದು, ಬಿಡುವುದು ತಡವಾಗಿ ಬರುತ್ತದೆ. ಮೊದಲ ತಿಂಗಳುಗಳಲ್ಲಿ ಬರಹ ಉದ್ದವಾಗುತ್ತಾ ಹೋದರೆ ಗಾಬರಿ ಬೇಡ.

ಒತ್ತಕ್ಷರ ಬಾರದ ಮಕ್ಕಳ ವಿಷಯದಲ್ಲಿ ಎಚ್ಚರವಿರಲಿ. ಅವರನ್ನು ತರಗತಿಯ ಜಾಣರ ಜೊತೆ ಕೂರಿಸುವುದು ಎಲ್ಲ ಕಡೆ ನಡೆಯುವ ರೂಢಿ, ಆದರೆ ಹಾಗೆ ಮಾಡಿದರೆ ಜಾಣ ಮಗು ಎಲ್ಲವನ್ನೂ ತಾನೇ ಬರೆದುಮುಗಿಸುತ್ತದೆ. ಸ್ವಲ್ಪವೇ ಮುಂದಿರುವವರ ಜೊತೆ ಕೂರಿಸಿ. ಹಿಂದಿರುವ ಮಗು ಬಾಯಲ್ಲಿ ಹೇಳಲಿ, ಜೊತೆಗಾರ ಅದನ್ನು ಹೇಳಿದಂತೆಯೇ ಬರೆದುಕೊಳ್ಳಲಿ, ಅದೇ ಅವನ ಮೊದಲ ಕರಡು. ಎರಡನೆಯ ಕರಡನ್ನು ಅದನ್ನು ನೋಡಿಕೊಂಡು ಅವನೇ ಬರೆಯಬೇಕು. ಇದರಿಂದ ಓದು ಬರಹದ ಕೊರತೆ ನೀಗುತ್ತದೆ ಎಂದು ಭಾವಿಸಬೇಡಿ, ಅದಕ್ಕೆ ಬೇರೆ ಸಮಯ ಬೇಕೇ ಬೇಕು. ತನಗೂ ಹೇಳಲು ವಿಷಯವಿದೆ ಎಂದು ಅವನಿಗೆ ತಿಳಿಯುತ್ತದೆ, ಅಷ್ಟು.

ಮೈಸೂರಿನ ಪೋಷಕ

ಶಿಕ್ಷಕರ ಕೆಲಸವನ್ನು ಮಕ್ಕಳ ಮೇಲೆ ಹಾಕುತ್ತಿದ್ದಾರೆಂದು ನಾನು ಭಾವಿಸಿದ್ದೆ, ಈಗ ಅರ್ಥವಾಯಿತು. ನನ್ನ ಮಗಳ ಕರಡನ್ನು ಮನೆಯಲ್ಲಿ ನಾನು ಕೇಳಿ ಪ್ರಶ್ನೆ ಕೇಳಬಹುದೇ?

ರಾಯಚೂರಿನ ಶಿಕ್ಷಕಿ

ಖಂಡಿತ ಕೇಳಬಹುದು ಸರ್, ಆದರೆ ಒಂದೇ ಪ್ರಶ್ನೆ, ಅದೂ ಅವಳು ಓದಿ ಮುಗಿಸಿದ ಮೇಲೆ. ದೊಡ್ಡವರ ಪ್ರಶ್ನೆಗಳು ಬೇಗ ಸಲಹೆಗಳಾಗಿಬಿಡುತ್ತವೆ.

ಬೆಂಗಳೂರಿನ ಖಾಸಗಿ ಶಾಲೆಯ ಶಿಕ್ಷಕ

ನನ್ನ ಮೂಲ ಪ್ರಶ್ನೆಗೆ ಇನ್ನೂ ಪೂರ್ಣ ಉತ್ತರ ದೊರೆತಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಇದೆಲ್ಲ ಹೇಗೆ ಉಪಯೋಗಕ್ಕೆ ಬರುತ್ತದೆ? ಜೊತೆಗೆ ಅಂಕದ ವಿಷಯ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಇದನ್ನು ತೋರಿಸುವುದಾದರೆ ಅಂಕವನ್ನು ಯಾವುದಕ್ಕೆ ಕೊಡುವುದು, ಅಂತಿಮ ಪ್ರತಿಗೋ, ಬದಲಾವಣೆಗೋ, ಒಳ್ಳೆಯ ಪ್ರಶ್ನೆ ಕೇಳಿದವರಿಗೋ?

ನಿವೃತ್ತ ಶಿಕ್ಷಕ, ಚಿತ್ರದುರ್ಗ

ಪರೀಕ್ಷೆಗೆ ಸಂಬಂಧಿಸಿದಂತೆ, ಒಂಬತ್ತನೆಯ ತರಗತಿಯ ಹೊತ್ತಿಗೆ ಗೆಳೆಯನ ಸ್ಥಾನದಲ್ಲಿ ಮಗುವನ್ನೇ ಕೂರಿಸಬೇಕು. ವಿಷಯ ಕೊಟ್ಟ ಕೂಡಲೇ ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ‘ಇದನ್ನು ಓದುವವರು ಏನೇನು ಕೇಳಬಹುದು?’ ಎಂದು ಮೂರು ಪ್ರಶ್ನೆ ಬರೆದುಕೊಂಡು, ಒಂದೊಂದಕ್ಕೆ ಒಂದು ಪ್ಯಾರಾ ಉತ್ತರ ಬರೆದರೆ ನೀವು ಹೇಳಿದ ವಿಷಯ ನಿರೂಪಣೆ ಸಿದ್ಧವಾಗುತ್ತದೆ. ಐದು ನಿಮಿಷದ ಕೆಲಸ. ಎಲ್ಲ ಮಕ್ಕಳಿಗೂ ಇದು ಸಾಧ್ಯವಾಗುವುದಿಲ್ಲ, ಬಾಯಿಪಾಠದ ಪೀಠಿಕೆಗೆ ಹಿಂದಿರುಗುವವರು ಇದ್ದೇ ಇರುತ್ತಾರೆ.

ಅಂಕದ ಬಗ್ಗೆ ಮಾತ್ರ ನನ್ನಲ್ಲಿ ಖಚಿತ ಉತ್ತರವಿಲ್ಲ. ಬದಲಾವಣೆಗೆ ಅಂಕ ಎಂದರೆ ಮಕ್ಕಳು ಮೊದಲ ಕರಡನ್ನು ಬೇಕೆಂದೇ ಕೆಡಿಸಿ ಬರೆಯುತ್ತಾರೆ. ಪ್ರಶ್ನೆಗೆ ಅಂಕ ಎಂದರೆ ಪ್ರಶ್ನೆಗಳು ಪ್ರದರ್ಶನಕ್ಕೆ ನಿಲ್ಲುತ್ತವೆ. ನಾನು ಅಂತಿಮ ಪ್ರತಿಗೆ ಮಾತ್ರ ಅಂಕ ಕೊಡುತ್ತಿದ್ದೆ, ಆದರೆ ಎರಡು ಕರಡುಗಳನ್ನು ಹಿಂದೆ ಹೊಲಿದು ಕೊಡದಿದ್ದರೆ ತೆಗೆದುಕೊಳ್ಳುತ್ತಿರಲಿಲ್ಲ.

ರಾಯಚೂರಿನ ಶಿಕ್ಷಕಿ

ನಾನು ಪ್ರಶ್ನೆ ಕೇಳಿದವರಿಗೂ ಎರಡು ಅಂಕ ಕೊಡುತ್ತೇನೆ. ಅಂಕವಿಲ್ಲದ ಕೆಲಸವನ್ನು ನಮ್ಮ ಮಕ್ಕಳು ಕೆಲಸವೆಂದೇ ಪರಿಗಣಿಸುವುದಿಲ್ಲ. ಪ್ರದರ್ಶನಕ್ಕೆ ಕೇಳುವವರು ಇರುತ್ತಾರೆ ಎಂಬುದನ್ನು ಒಪ್ಪುತ್ತೇನೆ. ಯಾವ ಪ್ರಶ್ನೆಗೆ ಅಂಕ ಎಂಬುದನ್ನು ಬರೆದವರೇ ಆರಿಸುವಂತೆ ಮಾಡಿದ ಮೇಲೆ ಅದು ಸ್ವಲ್ಪ ಕಡಿಮೆಯಾಗಿದೆ.

ಹಾಸನದ ಕನ್ನಡ ಶಿಕ್ಷಕಿ

ಸೋಮವಾರ ಸಂತೆಯ ಬಗ್ಗೆ ನನ್ನದೇ ಕರಡನ್ನು ಹಲಗೆಯ ಮೇಲೆ ಬರೆಯುತ್ತೇನೆ. ಅಂಕವನ್ನು ಸದ್ಯಕ್ಕೆ ಅಂತಿಮ ಪ್ರತಿಗೆ ಮಾತ್ರ ಇಟ್ಟುಕೊಂಡು, ಎರಡನೆಯ ಪ್ರಬಂಧಕ್ಕೆ ರಾಯಚೂರಿನ ಮೇಡಂ ಅವರ ಕ್ರಮವನ್ನು ಅರ್ಧ ತರಗತಿಗೆ ಅನ್ವಯಿಸಿ ನೋಡುವ ಯೋಚನೆಯಿದೆ. ಎರಡೂ ಕಡೆಯ ಚೀಟಿಗಳನ್ನು ಇಟ್ಟುಕೊಂಡಿದ್ದು, ಒಂದು ಪದದಲ್ಲಿ ಮುಗಿಯುವ ಪ್ರಶ್ನೆಗಳು ಯಾವ ಕಡೆ ಹೆಚ್ಚು ಎಂದು ಇಲ್ಲಿ ಬರೆಯುತ್ತೇನೆ.